ಒಡೆದು ಬಂದ ಪಾರ್ಸೆಲ್: ನಲವತ್ತು ಫೋಟೋದಲ್ಲಿ ಯಾವ ಐದು ಕಳಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಭಿವಂಡಿಯ ಒಂದು ಗೋಡೌನಿನಲ್ಲಿ ನಾನು ಕೆಲವು ವರ್ಷ ರಿಟರ್ನ್ ಮೇಜಿನಲ್ಲಿ ಕೂತಿದ್ದೆ. ಗ್ರಾಹಕರು ಕಳಿಸಿದ ಫೋಟೋ ನೋಡಿ ‘ಹೂಂ’ ಅಥವಾ ‘ಊಹೂಂ’ ಅನ್ನುವುದೇ ಕೆಲಸ. ಆ ಕೆಲಸ ಬಿಟ್ಟರೂ ಅದು ನನ್ನನ್ನು ಬಿಟ್ಟಿಲ್ಲ. ಡೊಂಬಿವ್ಲಿ, ಮುಲುಂಡ್, ಠಾಣೆ ಕಡೆಯ ನಮ್ಮವರು ಪಾರ್ಸೆಲ್ ಒಡೆದು ಬಂದರೆ ಇವತ್ತಿಗೂ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಇನ್ನು ಮೇಲೆ ಈ ಪುಟ ಕಳಿಸಿಬಿಡೋಣ ಅಂತ ಬರೆದಿದ್ದೇನೆ.

ಒಡೆದದ್ದು ಕಣ್ಣಿಗೆ ಕಾಣುತ್ತಿದೆ. ಒಂದು ಫೋಟೋ ಸಾಕಲ್ವಾ?

ನಮ್ಮ ಚಿಕ್ಕಮ್ಮನೂ ಇದನ್ನೇ ಕೇಳಿದ್ದರು. ಅವರ ಕಥೆಯನ್ನೇ ಹೇಳುತ್ತೇನೆ, ಮುಂದಿನ ಉತ್ತರಗಳಿಗೂ ಅದೇ ಬೇಕಾಗುತ್ತದೆ.

ಹೋದ ಮಳೆಗಾಲದಲ್ಲಿ ಅವರು ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ತರಿಸಿದರು. ಮಿಕ್ಸಿಯಲ್ಲಿ ರುಬ್ಬಿದ ಹಿಟ್ಟಿಗೆ ಇಡ್ಲಿ ಏಳುವುದಿಲ್ಲ ಅಂತ ವರ್ಷಗಟ್ಟಲೆ ಗೊಣಗಿ, ಕೊನೆಗೆ ತರಿಸಿದ್ದು. ಬಾಕ್ಸ್ ತೆರೆದರೆ ಕೆಳಗಿನ ಪ್ಲಾಸ್ಟಿಕ್ ಬಾಡಿ ಒಂದು ಕಾಲಿನ ಹತ್ತಿರ ಸೀಳಿತ್ತು. ಡ್ರಮ್ಮಿನ ತಳದ ಕಲ್ಲಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಅವರು ಆ ಸೀಳು ಮತ್ತು ಬಿರುಕಿನದ್ದೇ ಐದು ಫೋಟೋ ತೆಗೆದು ಆ್ಯಪಿನಲ್ಲಿ ಹಾಕಿದರು. ಐದೂ ಹತ್ತಿರದಿಂದ, ಐದೂ ಚೆನ್ನಾಗಿಯೇ ಬಂದಿದ್ದವು. ಮರುದಿನ ಉತ್ತರ ಬಂತು: ಹಾನಿ ಸಾಗಣೆಯಲ್ಲಿ ಆಗಿದೆ ಎಂದು ಫೋಟೋಗಳಿಂದ ಗೊತ್ತಾಗುವುದಿಲ್ಲ, ರಿಫಂಡ್ ಇಲ್ಲ.

“ಒಡೆದದ್ದು ಕಾಣ್ತಾ ಇದೆಯಲ್ಲೋ, ಇನ್ನೇನು ಬೇಕಂತೆ ಅವರಿಗೆ?” ಅಂತ ಚಿಕ್ಕಮ್ಮ ರೇಗಿದರು.

ಮೇಜಿನ ಆಚೆ ಕೂತವನಿಗೆ ಒಡೆದಿದೆಯೋ ಇಲ್ಲವೋ ಅನ್ನುವುದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ಇದು ನಾವು ಕಳಿಸಿದ ಮಾಲೇ ಹೌದಾ? ಮೂರನೇದು, ಇದು ದಾರಿಯಲ್ಲಿ ಒಡೆದದ್ದಾ, ಇಲ್ಲಾ ಮನೆಯಲ್ಲಿ ಕೈಜಾರಿ ಬಿದ್ದದ್ದಾ? ಚಿಕ್ಕಮ್ಮನ ಐದೂ ಫೋಟೋಗಳು ಎರಡನೇ ಪ್ರಶ್ನೆಗೇ ಉತ್ತರ ಹೇಳಿದವು. ಮಿಕ್ಕ ಎರಡಕ್ಕೆ ಒಂದೂ ಇಲ್ಲ. ಫೋಟೋ ಆರಿಸುವಾಗ ಈ ಮೂರನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹಾಗಾದರೆ ಯಾವ ಐದು?

ಎಲ್ಲ ಕಡೆ ಐದೇ ಅಂತಿಲ್ಲ. ಕೆಲವು ಕಡೆ ಮೂರು, ಕೆಲವು ಕಡೆ ಹತ್ತು ಹಾಕಬಹುದು. ಐದು ಅಂತ ಇಟ್ಟುಕೊಂಡು ಚಿಕ್ಕಮ್ಮನ ಎರಡನೇ ಅರ್ಜಿಯಲ್ಲಿ ನಾವು ಏನು ಹಾಕಿದೆವು ಅಂತ ಹೇಳುತ್ತೇನೆ. ಪುಣ್ಯಕ್ಕೆ ಬಾಕ್ಸು, ಥರ್ಮಾಕೋಲು ಎರಡೂ ಮನೆಯ ಬಾಲ್ಕನಿಯಲ್ಲಿ ಹಾಗೇ ಇದ್ದವು. ನಾನು ಅವರ ಮನೆಗೆ ಹೋಗಿ ಮೊದಲಿಂದ ತೆಗೆದೆ.

ಮೊದಲನೆಯದು, ಲೇಬಲ್ಲೂ ಜಜ್ಜಿದ ಮೂಲೆಯೂ ಒಂದೇ ಫೋಟೋದಲ್ಲಿ. ಇದು ಎಲ್ಲಕ್ಕಿಂತ ಮುಖ್ಯ, ಜನ ಸಾಮಾನ್ಯವಾಗಿ ಬಿಡುವುದೂ ಇದನ್ನೇ. ಲೇಬಲ್ ಬೇರೆ ಫೋಟೋ, ಮೂಲೆ ಬೇರೆ ಫೋಟೋ ಅಂತ ಕಳಿಸಿದರೆ ಆ ಮೂಲೆ ಯಾವ ಬಾಕ್ಸಿನದು ಅಂತ ಯಾರಿಗೆ ಗೊತ್ತು? ಚಿಕ್ಕಮ್ಮನ ಬಾಕ್ಸಿನಲ್ಲಿ ಲೇಬಲ್ ಮೇಲೆ ಅಂಟಿತ್ತು, ಜಜ್ಜಿದ್ದು ಕೆಳಗಿನ ಮೂಲೆ. ಬಾಕ್ಸನ್ನು ಒಂದು ಮಗ್ಗುಲಿಗೆ ಮಲಗಿಸಿದಾಗ ಎರಡೂ ಒಟ್ಟಿಗೆ ಕಂಡವು. ಟ್ರ್ಯಾಕಿಂಗ್ ನಂಬರು ಓದಲು ಬರುವಷ್ಟು ಹತ್ತಿರ, ಬಾಕ್ಸ್ ಪೂರ್ತಿ ಕಾಣುವಷ್ಟು ದೂರ. ನಾಲ್ಕೈದು ಸಲ ತೆಗೆದ ಮೇಲೆ ಒಂದು ಸರಿಬಂತು.

ಎರಡನೆಯದು, ಬಾಕ್ಸ್ ತೆರೆದಾಗ ಒಳಗಿನ ಪ್ಯಾಕಿಂಗ್. ಮಾಲು ಥರ್ಮಾಕೋಲಿನಲ್ಲಿ ಕೂತಿರುವಾಗಲೇ ಮೇಲಿನಿಂದ ತೆಗೆಯಬೇಕು. ಬಿದ್ದ ಏಟು ಹೊರಗಿನ ರಟ್ಟಿನಿಂದ ಥರ್ಮಾಕೋಲಿಗೆ, ಅಲ್ಲಿಂದ ಮಾಲಿಗೆ ಹೋಗುತ್ತದೆ. ಮೂರೂ ಒಂದೇ ಮೂಲೆಯಲ್ಲಿ ಪೆಟ್ಟು ತಿಂದಿದ್ದರೆ ವಾದ ಮಾಡುವ ಅಗತ್ಯವೇ ಇಲ್ಲ. ನಮ್ಮ ಕೇಸಿನಲ್ಲಿ ರಟ್ಟು ಜಜ್ಜಿದ ಮೂಲೆಯಲ್ಲೇ ಥರ್ಮಾಕೋಲು ಎರಡು ತುಂಡಾಗಿತ್ತು. ಗ್ರೈಂಡರಿನ ಕಾಲು ಸೀಳಿದ್ದೂ ಅಲ್ಲೇ. ಚಿಕ್ಕಮ್ಮ ಮಷೀನನ್ನು ಮೊದಲೇ ಹೊರಗೆ ತೆಗೆದಿದ್ದರಿಂದ ವಾಪಸ್ ಕೂರಿಸಿ ತೆಗೆಯಬೇಕಾಯಿತು. ಅದನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆದೆವು: ‘ತೆರೆದ ನಂತರ ಮತ್ತೆ ಅದೇ ಜಾಗದಲ್ಲಿ ಇಟ್ಟು ತೆಗೆದದ್ದು.’ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಉಳಿದ ನಾಲ್ಕು ಫೋಟೋಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಮೂರನೆಯದು, ಇಡೀ ಮಷೀನು, ಒಡೆದ ಜಾಗ ನಮ್ಮ ಕಡೆಗೆ ತಿರುಗಿರುವಂತೆ. ಒಂದು ಮಾರು ದೂರದಿಂದ. ಇದು ಇಲ್ಲದೆ ಬರೀ ಹತ್ತಿರದ ಫೋಟೋ ಕಳಿಸಿದರೆ ಅದು ಗ್ರೈಂಡರಿನ ಬಿರುಕೋ ಬಾತ್‌ರೂಮಿನ ಬಕೆಟ್ಟಿನದೋ ಹೇಳಲು ಬರುವುದಿಲ್ಲ. ಉತ್ಪ್ರೇಕ್ಷೆ ಅಲ್ಲ, ಬಿಳಿ ಪ್ಲಾಸ್ಟಿಕ್ ಮೇಲೆ ಒಂದು ಗೆರೆ, ಅಷ್ಟೇ ಇರುವ ಫೋಟೋಗಳನ್ನು ನಾನು ದಿನಾ ನೋಡುತ್ತಿದ್ದೆ.

ನಾಲ್ಕನೆಯದು ಸೀಳಿನ ಹತ್ತಿರದ ಫೋಟೋ, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು. ಆ ನಾಣ್ಯದ ಅಗಲ 27 ಮಿಲಿಮೀಟರ್, ಆದ್ದರಿಂದ ಸೀಳು ಎಷ್ಟು ಉದ್ದ ಅಂತ ತಾನೇ ಗೊತ್ತಾಗುತ್ತದೆ. ಮಕ್ಕಳ ಸ್ಕೇಲ್ ಸಿಕ್ಕರೆ ಇನ್ನೂ ಒಳ್ಳೆಯದು.

ಐದನೆಯದು, ಮಷೀನಿನ ತಳದಲ್ಲಿ ಅಂಟಿಸಿರುವ ಸೀರಿಯಲ್ ನಂಬರಿನ ಚೀಟಿ. ಹೊರಗಿನ ಬಾಕ್ಸಿನ ಮೇಲೂ ಅದೇ ನಂಬರು ಅಚ್ಚಾಗಿದ್ದರೆ ಎರಡನ್ನೂ ಒಂದೇ ಫೋಟೋದಲ್ಲಿ ತನ್ನಿ. ಹಳೇ ಮಷೀನನ್ನು ಹೊಸ ಬಾಕ್ಸಿನಲ್ಲಿಟ್ಟು ರಿಫಂಡ್ ಕೇಳುವವರು ಇದ್ದಾರೆ. ಅವರಿಂದಾಗಿ ನಿಮ್ಮ ಮೇಲೂ ಅನುಮಾನ ಬರುತ್ತದೆ. ಆ ಅನುಮಾನಕ್ಕೆ ಈ ಚೀಟಿಯೇ ಉತ್ತರ.

ಕಲ್ಲಿನ ಬಿರುಕಿನ ಫೋಟೋ ಯಾಕೆ ಬಿಟ್ಟಿರಿ? ಅದೇ ದೊಡ್ಡ ಹಾನಿ ಅಲ್ವಾ?

ಒಳ್ಳೆ ಪ್ರಶ್ನೆ. ಚಿಕ್ಕಮ್ಮ ಇದರ ಮೇಲೆ ನನ್ನ ಹತ್ತಿರ ಜಗಳವನ್ನೇ ಆಡಿದರು. ಅಡುಗೆಮನೆ ಲೆಕ್ಕದಲ್ಲಿ ಕಲ್ಲಿನ ಬಿರುಕೇ ದೊಡ್ಡದು, ಹಿಟ್ಟಿನಲ್ಲಿ ಕಲ್ಲಿನ ಪುಡಿ ಬಂದರೆ ತಿನ್ನುವುದು ಹೇಗೆ? ಆದರೆ ಫೋಟೋ ಲೆಕ್ಕ ಬೇರೆ. ಕಪ್ಪು ಗ್ರಾನೈಟಿನಲ್ಲಿ ಹುಟ್ಟಿನಿಂದಲೇ ಗೆರೆಗಳು ಇರುತ್ತವೆ. ಬಿರುಕು ಯಾವುದು, ಕಲ್ಲಿನ ನರ ಯಾವುದು ಅಂತ ಮೊಬೈಲಿನ ಚಿಕ್ಕ ಪರದೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಅನುಮಾನ ಹುಟ್ಟಿಸುವ ಒಂದು ಫೋಟೋ ಇದ್ದರೆ ನೋಡುವವನು ಅದನ್ನೇ ಹಿಡಿದುಕೊಳ್ಳುತ್ತಾನೆ. ಪ್ಲಾಸ್ಟಿಕ್ಕಿನ ಸೀಳು ಹಾಗಲ್ಲ, ಅದನ್ನು ಯಾರೂ ಅಲ್ಲಗಳೆಯಲಾರರು. ಹಾಗಾಗಿ ಎದ್ದು ಕಾಣುವುದನ್ನು ಫೋಟೋದಲ್ಲಿ ತೋರಿಸಿ, ಸೂಕ್ಷ್ಮವಾದದ್ದನ್ನು ಮಾತಿನಲ್ಲಿ ಬರೆದೆವು.

ಕಲ್ಲಿನ ಬಿರುಕೊಂದೇ ಹಾನಿ ಆಗಿದ್ದರೆ? ಅದಕ್ಕೂ ದಾರಿ ಇದೆ. ಮೊದಲು ಒಣಗಿದ ಕಲ್ಲಿನ ಒಂದು ಫೋಟೋ ತೆಗೆಯಿರಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಫ್ಯಾನಿನ ಕೆಳಗಿಡಿ. ಮೇಲಿನ ನೀರು ಬೇಗ ಆರುತ್ತದೆ, ಬಿರುಕಿನೊಳಗೆ ಇಳಿದದ್ದು ನಿಧಾನ. ನಡುವೆ ಒಂದು ಗಳಿಗೆಯಲ್ಲಿ ಬಿರುಕು ಮಾತ್ರ ಕಪ್ಪು ದಾರದ ಹಾಗೆ ಎದ್ದು ಕಾಣುತ್ತದೆ. ಆಗ ತೆಗೆಯಿರಿ. ಎರಡನ್ನೂ ಒಟ್ಟಿಗೆ ಕಳಿಸಿ, ಒರೆಸಿದ್ದು ಯಾಕೆ ಅಂತ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಕಲ್ಲು ಒದ್ದೆ ಇದೆ, ಬಳಸಿದ್ದೀರಿ ಅನ್ನುತ್ತಾರೆ.

ಬಾಕ್ಸ್ ನೆಟ್ಟಗಿದೆ, ಒಳಗಿನದು ಒಡೆದಿದೆ. ಈಗೇನು?

ಇದು ಕಷ್ಟದ ಕೇಸು, ಆದರೆ ಸೋತ ಕೇಸಲ್ಲ. ಬಾಕ್ಸಿಗೆ ಏನೂ ಆಗದೆ ಒಳಗಿನದು ಒಡೆಯಬೇಕಾದರೆ ಹೆಚ್ಚಾಗಿ ಕಾರಣ ಪ್ಯಾಕಿಂಗೇ. ಗಾಜಿನ ಭರಣಿಯನ್ನು ದೊಡ್ಡ ಬಾಕ್ಸಿನಲ್ಲಿ ಹಾಕಿ ಒಂದು ತುಂಡು ಕಾಗದ ತುರುಕಿ ಕಳಿಸಿರುತ್ತಾರೆ. ದಾರಿಯುದ್ದಕ್ಕೂ ಅದು ಒಳಗೆ ಕುಣಿದಿರುತ್ತದೆ. ಆಗ ನೀವು ತೋರಿಸಬೇಕಾದ್ದು ಪೆಟ್ಟನ್ನಲ್ಲ, ಖಾಲಿ ಜಾಗವನ್ನು. ಭರಣಿ ಒಳಗೆ ಇರುವಾಗಲೇ ಅದರ ಮತ್ತು ಬಾಕ್ಸಿನ ಗೋಡೆಯ ನಡುವೆ ಕೈ ಇಟ್ಟು ಫೋಟೋ ತೆಗೆಯಿರಿ. ನಾಲ್ಕು ಬೆರಳು ಹಿಡಿಸುವಷ್ಟು ಜಾಗ ಇದ್ದರೆ ಆ ಒಂದು ಫೋಟೋ ಸಾಕು.

ಟೇಪನ್ನೂ ನೋಡಿ. ಕಂದು ಟೇಪಿನ ಮೇಲೆ ಪಾರದರ್ಶಕ ಟೇಪ್ ಮತ್ತೊಂದು ಸುತ್ತು ಇದ್ದರೆ ಬಾಕ್ಸ್ ದಾರಿಯಲ್ಲಿ ಎಲ್ಲೋ ಬಿಚ್ಚಿಕೊಂಡು ಮತ್ತೆ ಅಂಟಿಸಿರಬಹುದು. ಬಾಕ್ಸ್ ಕತ್ತರಿಸುವ ಮೊದಲೇ ಅದರ ಫೋಟೋ ಬೇಕು. ಚಾಕು ಹಾಕಿದ ಮೇಲೆ ಯಾವ ಗಾಯ ಯಾರದ್ದು ಅಂತ ಹೇಳಲು ಬರುವುದಿಲ್ಲ.

ಮಳೆಯಲ್ಲಿ ನೆನೆದು ಬಂದರೆ?

ಮುಂಬಯಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ಗೋಳು. ಗೋವಾದವರನ್ನಂತೂ ಕೇಳುವುದೇ ಬೇಡ. ನೆನೆದ ಬಾಕ್ಸಿನ ತೊಂದರೆ ಏನೆಂದರೆ ಸಾಕ್ಷಿ ತಾನಾಗಿ ಆರಿಹೋಗುತ್ತದೆ. ರಾತ್ರಿ ತೊಟ್ಟಿಕ್ಕುತ್ತಿದ್ದ ರಟ್ಟು ಬೆಳಗ್ಗೆ ಫ್ಯಾನಿನ ಕೆಳಗೆ ಒಣಗಿ ಕೂತಿರುತ್ತದೆ. ಆದ್ದರಿಂದ ಇಲ್ಲಿ ನಾಳೆ ನೋಡೋಣ ಅನ್ನಬೇಡಿ.

ಒದ್ದೆ ರಟ್ಟು ಒದ್ದೆ ಅಂತ ಮೊಬೈಲ್ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ. ಕಾಣುವುದು ಒದ್ದೆಗೂ ಒಣಗಿದ್ದಕ್ಕೂ ನಡುವಿನ ಗೆರೆ. ಅದು ಚೌಕಟ್ಟಿನ ಮಧ್ಯೆ ಬರುವಂತೆ ತೆಗೆಯಿರಿ. ಲೇಬಲ್ಲಿನ ಶಾಯಿ ಹರಡಿದ್ದರೆ ಅದನ್ನೂ. ಬಾಕ್ಸನ್ನು ಟೈಲ್ಸ್ ಮೇಲಿಂದ ಎತ್ತಿದಾಗ ಕೆಳಗೆ ಉಳಿದ ನೀರಿನ ಚೌಕ ಇನ್ನೂ ಒಳ್ಳೆ ಸಾಕ್ಷಿ. ಬಾಕ್ಸ್ ಪಕ್ಕಕ್ಕಿಟ್ಟು, ಆ ಚೌಕ ಮತ್ತು ಬಾಕ್ಸಿನ ತಳ ಎರಡೂ ಕಾಣುವಂತೆ ಒಂದು ಫೋಟೋ.

ಇಲ್ಲೊಂದು ಅಡ್ಡ ಮಾತು. ನಮ್ಮ ಸೊಸೈಟಿಗಳಲ್ಲಿ ಪಾರ್ಸೆಲ್ ಹೆಚ್ಚಾಗಿ ವಾಚ್‌ಮನ್ ಕ್ಯಾಬಿನ್‌ನಲ್ಲೇ ಇಳಿಯುತ್ತದೆ. ಅಲ್ಲಿ ಸೋರಿ ನೆನೆಯಿತೋ, ದಾರಿಯಲ್ಲಿ ನೆನೆಯಿತೋ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಡೆಲಿವರಿ ಹುಡುಗ ಇಟ್ಟುಹೋಗುವಾಗ ಅವನೇ ಒಂದು ಫೋಟೋ ತೆಗೆದಿರುತ್ತಾನೆ ಅಲ್ವಾ, ಅದು ಎಷ್ಟೋ ಸಲ ನಿಮ್ಮ ಆರ್ಡರ್ ಪುಟದಲ್ಲಿ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಬಾಕ್ಸ್ ಅವನ ಫೋಟೋದಲ್ಲೇ ಕಪ್ಪಾಗಿ ಕಂಡರೆ ವಾಚ್‌ಮನ್ ಬಚಾವ್, ನೀವೂ ಬಚಾವ್. ಆ ಫೋಟೋ ಅಲ್ಲಿ ಯಾವಾಗಲೂ ಇರುತ್ತದೆ ಅಂತ ನಂಬಬೇಡಿ.

ಫೋಟೋದಲ್ಲಿ ತಗ್ಗು ಕಾಣುವುದೇ ಇಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ.

ಫ್ಲ್ಯಾಶ್ ಹಾಕಿದ್ದೀರಿ. ಎದುರಿನಿಂದ ಬಿದ್ದ ಬೆಳಕು ತಗ್ಗನ್ನೂ ಉಬ್ಬನ್ನೂ ಒಂದೇ ಮಾಡಿಬಿಡುತ್ತದೆ. ಸ್ಟೀಲ್ ಆದರಂತೂ ಬಿಳಿ ಚುಕ್ಕೆ ಬಿಟ್ಟು ಏನೂ ಕಾಣುವುದಿಲ್ಲ. ಫ್ಲ್ಯಾಶ್ ಆರಿಸಿ. ಇನ್ನೊಬ್ಬರ ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ತಾಗುವ ಹಾಗೆ ಹಿಡಿಸಿ. ತಗ್ಗಿನ ಒಂದು ಕಡೆ ನೆರಳು ಬೀಳುತ್ತದೆ, ಆ ನೆರಳೇ ತಗ್ಗನ್ನು ತೋರಿಸುತ್ತದೆ. ಹಗಲಾದರೆ ಕಿಟಕಿ ಪಕ್ಕ ಸಾಕು. ಪೋರ್ಟ್ರೇಟ್ ಮೋಡ್ ಬೇಡ, ಅದು ಸುಮ್ನೆ ಅಂಚುಗಳನ್ನೆಲ್ಲ ಮಸುಕು ಮಾಡುತ್ತದೆ.

ಬಿರುಕಿಗೆ ಕೆಂಪು ವೃತ್ತ ಹಾಕಿ ಕಳಿಸಬಹುದಾ?

ಪ್ರತಿಯ ಮೇಲೆ ಹಾಕಿ, ಮೂಲದ ಮೇಲೆ ಬೇಡ. ಬೆಳಕು ಹೆಚ್ಚಿಸುವುದು, ಫಿಲ್ಟರ್ ಹಾಕುವುದು ಯಾವುದೂ ಬೇಡ.

ಇನ್ನೊಂದು ಮಾತು. ಮೊಬೈಲ್ ತೆಗೆದ ಫೋಟೋದ ಒಳಗೆ ದಿನ, ಸಮಯ ಎಲ್ಲ ಸೇರಿಕೊಂಡಿರುತ್ತದೆ. ವಾಟ್ಸ್ಯಾಪಿನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಹೋಗುತ್ತದೆ, ಫೋಟೋವೂ ಕುಗ್ಗುತ್ತದೆ. ಮಗಳು ತೆಗೆದು ಅಮ್ಮನಿಗೆ ಕಳಿಸಿ, ಅಮ್ಮ ಅದನ್ನು ಆ್ಯಪಿಗೆ ಹಾಕುವುದು ಎಲ್ಲ ಮನೆಯಲ್ಲೂ ನಡೆಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೋಟೋ ಇದ್ದ ಹಾಗೇ ಬರುತ್ತದೆ. ತೆಗೆದ ಮೊಬೈಲಿನಿಂದಲೇ ಹಾಕಿದರೆ ಇನ್ನೂ ಸರಳ.

ತೆರೆಯುವಾಗ ವಿಡಿಯೋ ಮಾಡಿಲ್ಲ. ಮಾಡಲೇಬೇಕಾ?

ಕೆಲವು ಮಾರಾಟಗಾರರು ವಿಡಿಯೋ ಇಲ್ಲದೆ ಮಾತೇ ಆಡುವುದಿಲ್ಲ. ಅಂಥ ಷರತ್ತು ಇದೆಯಾ ಅಂತ ಕೊಳ್ಳುವಾಗಲೇ ನೋಡಿಕೊಳ್ಳಿ. ಮಾಡುವುದಾದರೆ ಬಾಕ್ಸಿನ ಆರೂ ಮುಖ ತೋರಿಸಿ ಶುರು ಮಾಡಿ, ಲೇಬಲ್ ಮೇಲೆ ಎರಡು ಕ್ಷಣ ನಿಲ್ಲಿ, ನಡುವೆ ಎಲ್ಲೂ ಕತ್ತರಿಸಬೇಡಿ. ಬಾಕ್ಸ್ ಕ್ಯಾಮೆರಾದಿಂದ ಆಚೆ ಹೋಗಬಾರದು.

ಮಾಡಿಲ್ಲವಾದರೆ ಮೇಲಿನ ಐದು ಫೋಟೋಗಳೇ ಗತಿ. ಚಿಕ್ಕಮ್ಮನ ಹತ್ತಿರವೂ ವಿಡಿಯೋ ಇರಲಿಲ್ಲ.

ಓಪನ್ ಬಾಕ್ಸ್ ಡೆಲಿವರಿ ಆದರೆ ಲೆಕ್ಕವೇ ಬೇರೆ. ಹುಡುಗ ನಿಮ್ಮೆದುರೇ ತೆರೆಯುತ್ತಾನೆ, ನೋಡಿ ಒಪ್ಪಿದ ಮೇಲೆ ನೀವು ಒಟಿಪಿ ಹೇಳುತ್ತೀರಿ. ಒಟಿಪಿ ಕೊಟ್ಟರೆ ‘ಸರಿಯಾಗಿದೆ’ ಅಂತ ಸಹಿ ಹಾಕಿದ ಹಾಗೇ. ಆಮೇಲೆ ಎಷ್ಟು ಫೋಟೋ ತೆಗೆದರೂ ಕಷ್ಟ. ಅವನಿಗೆ ಅವಸರ ಇರುತ್ತದೆ, ಪಾಪ. ಆದರೂ ಒಟಿಪಿ ಹೇಳುವ ಮೊದಲು ಮಷೀನು ತಿರುಗಿಸಿ ತಳ ನೋಡಿ. ಒಡೆದಿದ್ದರೆ ತೆಗೆದುಕೊಳ್ಳಬೇಡಿ, ವಾಪಸ್ ಕಳಿಸಿ.

ಯಾವ ಫೋಟೋ ಖಂಡಿತ ಕಳಿಸಬಾರದು?

ತೊಳೆದ ಮೇಲೆ ತೆಗೆದದ್ದು. ಹಿಟ್ಟು ಅಂಟಿರುವುದು. ಒಬ್ಬರು ಪುಣೆಯಿಂದ ಕಳಿಸಿದ ಮಿಕ್ಸಿ ಜಾರಿನ ಫೋಟೋದಲ್ಲಿ ತಳದಲ್ಲಿ ಹಸಿರು ಚಟ್ನಿ ಇತ್ತು. ಜಾರು ಬರುವಾಗಲೇ ಬಿರುಕು ಬಿಟ್ಟಿದ್ದು ನಿಜವೇ ಇರಬಹುದು, ಸೋರಿದಾಗ ಗೊತ್ತಾಗಿರಬಹುದು. ಆದರೆ ಆ ಫೋಟೋ ನೋಡಿ ‘ಬಳಸಿದ ಮಾಲು’ ಅಂತ ಬರೆಯದೆ ನನಗೆ ಬೇರೆ ದಾರಿ ಇರಲಿಲ್ಲ.

ಒಡೆದ ಚೂರುಗಳನ್ನು ಜೋಡಿಸಿ ತೆಗೆದದ್ದೂ ಬೇಡ. ಜೋಡಿಸಿದರೆ ಹಾನಿ ಚಿಕ್ಕದಾಗಿ ಕಾಣುತ್ತದೆ. ಒಂದೇ ಕೋನದ ಎರಡು ಫೋಟೋ ಬೇಡ, ಐದರಲ್ಲಿ ಒಂದು ಜಾಗ ದಂಡ.

ಲೇಬಲ್‌ನಲ್ಲಿ ಫೋನ್ ನಂಬರು, ವಿಳಾಸ ಇದೆ. ಮುಚ್ಚಬೇಕಾ?

ಕ್ಲೇಮಿಗೆ ಮುಚ್ಚಬೇಡಿ, ಅದೇ ನಿಮ್ಮ ಗುರುತು. ಸೊಸೈಟಿ ಗ್ರೂಪಿನಲ್ಲಿ ಸಿಟ್ಟು ತೋಡಿಕೊಳ್ಳಲು ಹಾಕುವಾಗ ಮಾತ್ರ ಹೆಬ್ಬೆರಳು ಅಡ್ಡ ಇಟ್ಟು ತೆಗೆಯಿರಿ. ಬಾರ್‌ಕೋಡನ್ನೂ ಮುಚ್ಚಿ.

ಫೋಟೋ ಜೊತೆ ಎಷ್ಟು ಬರೆಯಬೇಕು?

ನಾಲ್ಕು ಸಾಲು. ಚಿಕ್ಕಮ್ಮನ ಅರ್ಜಿಯನ್ನು ನಾವು ಇಂಗ್ಲಿಷಿನಲ್ಲಿ ಬರೆದಿದ್ದೆವು, ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ‘ಬಾಕ್ಸಿನ ಕೆಳಗಿನ ಎಡ ಮೂಲೆ ಜಜ್ಜಿದೆ (ಫೋಟೋ 1). ಅದೇ ಮೂಲೆಯ ಥರ್ಮಾಕೋಲು ತುಂಡಾಗಿದೆ (ಫೋಟೋ 2). ಅದೇ ಜಾಗದಲ್ಲಿ ಮಷೀನಿನ ಕಾಲು ಸೀಳಿದೆ (ಫೋಟೋ 3, 4). ಡ್ರಮ್ಮಿನ ಕಲ್ಲಿನಲ್ಲೂ ಬಿರುಕು ಇದೆ, ಮಷೀನು ಒಮ್ಮೆಯೂ ಓಡಿಸಿಲ್ಲ.’ ಜೊತೆಗೆ ಎರಡನೇ ಫೋಟೋ ಮತ್ತೆ ಕೂರಿಸಿ ತೆಗೆದದ್ದು ಅನ್ನುವ ಮಾತು. ಮಗಳ ಮನೆಗೆ ಬಂದ ಬೀಗರ ಮುಂದೆ ಎಷ್ಟು ಅವಮಾನ ಆಯಿತು ಅನ್ನುವುದನ್ನೂ ಸೇರಿಸಬೇಕು ಅಂತ ಚಿಕ್ಕಮ್ಮನ ಹಟ. ಬಿಡಿಸಿದೆ.

ಮೂರನೇ ದಿನ ಒಪ್ಪಿಗೆ ಬಂತು. ವಾಪಸ್ ತೆಗೆದುಕೊಂಡು ಹೋಗಲು ಬಂದ ಹುಡುಗನಿಗೆ ಬಾಕ್ಸ್ ಕೊಡುವಾಗಲೂ ಒಂದು ಫೋಟೋ ತೆಗೆದಿಟ್ಟೆವು.

ಎಲ್ಲ ಸರಿಯಾಗಿ ಕಳಿಸಿದರೂ ಇಲ್ಲ ಅಂದರೆ?

2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಮಾರಾಟಗಾರ ಹೇಳುವ ಹಾಗಿಲ್ಲ. ಆ್ಯಪಿನವರು ಕುಂದುಕೊರತೆ ಅಧಿಕಾರಿಯ ಹೆಸರು ಹಾಕಿರಬೇಕು. ಅವರು ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಚಾಟ್‌ನಲ್ಲಿ ಜಗಳ ಆಡುವ ಬದಲು ಅದೇ ಐದು ಫೋಟೋಗಳನ್ನು ಅವರಿಗೆ ಮೇಲ್ ಮಾಡಿ. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಆದರೆ ಇದೆಲ್ಲ ಕಣ್ಣಿಗೆ ಕಾಣುವ ಹಾನಿಗೆ. ಮೋಟಾರು ಸುಮ್ಮನೆ ತಿರುಗುತ್ತಿಲ್ಲ, ಹೊರಗೆ ಒಂದು ಗೀರೂ ಇಲ್ಲ ಅಂದರೆ ಫೋಟೋ ಏನೂ ಮಾಡದು. ಅದನ್ನು ‘ಒಡೆದು ಬಂದಿದೆ’ ಅನ್ನುವ ಕಡೆ ಹಾಕಬೇಡಿ, ‘ಕೆಲಸ ಮಾಡುತ್ತಿಲ್ಲ’ ಅನ್ನುವ ಕಡೆ ಹಾಕಿ ಮೆಕ್ಯಾನಿಕ್ಕನ್ನು ಕರೆಸಿ.

ಬಾಕ್ಸನ್ನೂ ಫೋಟೋಗಳನ್ನೂ ಎಷ್ಟು ದಿನ ಇಟ್ಟುಕೊಳ್ಳಬೇಕು?

ಬಾಕ್ಸನ್ನು ಮಾಲು ವಾಪಸ್ ಹೋಗುವ ತನಕ. ಥರ್ಮಾಕೋಲಿನ ತುಂಡುಗಳೂ ಅದರ ಜೊತೆ ಇರಲಿ. ಮನೆಯಲ್ಲಿ ಜಾಗ ಇಲ್ಲ ಅಂತ ಗೊತ್ತು, ಮುಂಬಯಿಯಲ್ಲಿ ಯಾರ ಮನೆಯಲ್ಲಿ ಇದೆ? ನಮ್ಮಲ್ಲಿ ಕಚರಾದವನು ಬೆಳಗ್ಗೆ ಏಳಕ್ಕೇ ಬಾಗಿಲಿಗೆ ಬರುತ್ತಾನೆ, ನೀವು ಏಳುವ ಮೊದಲೇ ಬಾಕ್ಸ್ ಹೋಗಿರುತ್ತದೆ. ಮನೆಯವರಿಗೆ ರಾತ್ರಿಯೇ ಹೇಳಿ ಮಲಗಿ.

ಫೋಟೋಗಳು ಹಣ ಖಾತೆಗೆ ಬರುವ ತನಕ ಇರಲೇಬೇಕು. ತಗಾದೆ ಉಳಿದಿದ್ದರೆ ಎರಡು ವರ್ಷ ಇಡಿ, ಗ್ರಾಹಕ ಆಯೋಗಕ್ಕೆ ದೂರು ಕೊಡಲು ಇರುವ ಅವಧಿ ಅಷ್ಟು. ಆರಿಸಿದ ಐದನ್ನು ಮಾತ್ರವಲ್ಲ, ಬಿಟ್ಟ ಮೂವತ್ತೈದನ್ನೂ. ಯಾವುದೋ ಒಂದರ ಮೂಲೆಯಲ್ಲಿ ಆಮೇಲೆ ಬೇಕಾಗುವುದೇ ಇರುತ್ತದೆ. ಚಿಕ್ಕಮ್ಮ ಬಾಕ್ಸ್ ತೆರೆದ ದಿನ ತೆಗೆದ ಒಂದು ಕೆಟ್ಟ ಫೋಟೋದಲ್ಲಿ, ಹಿಂದೆ ನೆಲದ ಮೇಲೆ ಥರ್ಮಾಕೋಲಿನ ಬಿಳಿ ಕಾಳುಗಳು ಚೆಲ್ಲಿದ್ದು ಕಾಣುತ್ತಿತ್ತು. ಅದು ಬೇಕಾಗಲಿಲ್ಲ, ಆದರೆ ಅಳಿಸಿಯೂ ಇರಲಿಲ್ಲ.